ಕೀ ಬೋರ್ಡಿನಲ್ಲಿದ್ದರೆ ಬಿಡುವು, ಜೇಬಿನಲ್ಲಿದ್ದರೆ ಡ್ಯೂಟಿ: ಶಾಲಾ ಬಸ್ಸಿನ ಗಂಟೆ ಲೆಕ್ಕ

ಶಾಲಾ ಬಸ್ಸಿನ ಚಾಲಕರ ಗಂಟೆ ಲೆಕ್ಕ ಯಾವತ್ತೂ ಸರಿಹೋಗುವುದಿಲ್ಲ ಅಂತ ನಮ್ಮ ಲೈನಿನಲ್ಲಿ ಎಲ್ಲರೂ ಹೇಳುತ್ತಾರೆ. ಮೈಸೂರಿನಲ್ಲಿ ಇಪ್ಪತ್ತು ಚಿಲ್ಲರೆ ಗುತ್ತಿಗೆ ಬಸ್ಸುಗಳ ಶೆಡ್ ನೋಡಿಕೊಳ್ಳುವ ನಾನೂ ಬಹಳ ದಿನ ಅದನ್ನೇ ಹೇಳುತ್ತಿದ್ದೆ. ಗಾಡಿಯ ಕೀ ಯಾರ ಹತ್ತಿರ ಇದೆ ಎಂಬುದರ ಮೇಲೆ ಗಂಟೆ ಎಣಿಸತೊಡಗಿ ಈಗ ಎರಡು ವರ್ಷದ ಮೇಲಾಯಿತು, ಸಂಬಳದ ದಿನ ನನ್ನ ಟೇಬಲ್ ಮುಂದೆ ಜಗಳವಿಲ್ಲ. "ಇದೆಲ್ಲ ಎರಡು ತಿಂಗಳ ಆಟ ಕಣ್ರೀ" ಎಂದಿದ್ದ ಓನರ್, ಈಗ ತಮ್ಮ ಇನ್ನೊಂದು ಶೆಡ್ಡಿಗೂ ಇದೇ ಲೆಕ್ಕದ ಶೀಟನ್ನು ಕೇಳಿ ತರಿಸಿಕೊಂಡಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಡ್ಯೂಟಿ ಹೇಗೆಂದು ನಿಮಗೆ ಗೊತ್ತೇ ಇದೆ. ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟರೆ ಒಂದು ಪಾಳಿ ಮುಗಿಯಿತು, ಮಧ್ಯಾಹ್ನ ಮೂರರ ಹೊತ್ತಿಗೆ ಇನ್ನೊಂದು ಶುರು. ನಡುವೆ ಐದಾರು ಗಂಟೆ ಖಾಲಿ, ಅದಕ್ಕೆ ಸಂಬಳವಿಲ್ಲ. ತಕರಾರೆಲ್ಲ ಹುಟ್ಟುವುದು ಆ ಖಾಲಿ ಹೊತ್ತಿನಲ್ಲೇ. ಹನ್ನೊಂದೂವರೆಗೆ ಫೋನ್ ಮಾಡಿ "ಡೀಸೆಲ್ ಹಾಕಿಸಿಕೊಂಡು ಬಾ" ಅನ್ನುತ್ತೇವೆ. ಎಫ್‌ಸಿಗೆ ಗಾಡಿ ಒಯ್ಯಲು ಕರೆಯುತ್ತೇವೆ. ಶಾಲೆಯವರು ತಾವೇ ಚಾಲಕನನ್ನು ಹಿಡಿದು ಬೆಂಚು ಸಾಗಿಸಿಕೊಳ್ಳುತ್ತಾರೆ. ಇದಕ್ಕೆಲ್ಲ ನಾವು ಕೊಡುತ್ತಿದ್ದುದು ಕರೆಗೆ ನೂರೈವತ್ತು ರೂಪಾಯಿ ಬಾಟಾ. ಹತ್ತು ನಿಮಿಷದ ಕೆಲಸಕ್ಕೂ ನೂರೈವತ್ತು, ಮೂರು ಗಂಟೆಯ ಕೆಲಸಕ್ಕೂ ನೂರೈವತ್ತು. ತಿಂಗಳಿಗೆ ಮೂವತ್ತು ಸಾವಿರದ ಮೇಲೆ ಅದೇ ಹೋಗುತ್ತಿತ್ತು. ಕೊಟ್ಟವರಿಗೂ ಸಮಾಧಾನವಿಲ್ಲ, ಇಸಕೊಂಡವರಿಗೂ ಇಲ್ಲ.

ಮೊದಲು ಬೆರಳಚ್ಚಿನ ಯಂತ್ರ ತಂದೆವು. ಅದರ ಸಾಫ್ಟ್‌ವೇರ್ ದಿನದ ಮೊದಲ ಪಂಚು ಮತ್ತು ಕೊನೆಯ ಪಂಚನ್ನು ಮಾತ್ರ ಹಿಡಿಯುತ್ತಿತ್ತು. ತಿಂಗಳ ಕೊನೆಗೆ ಎಲ್ಲರದೂ ದಿನಕ್ಕೆ ಹನ್ನೆರಡು ಗಂಟೆ ಕೆಲಸ ಎಂದು ವರದಿ ಬಂತು. ಮಾರಿದವರು ಬಂದು ಒಳಗೆ-ಹೊರಗೆ ಜೋಡಿಗಳಾಗಿ ಎಣಿಸುವಂತೆ ಮಾಡಿಕೊಟ್ಟರು. ಆಗ ಇನ್ನೊಂದು ತೊಂದರೆ. ಬೆಳಗಿನ ಟ್ರಿಪ್ ಮುಗಿಸಿದವನು ಪಂಚ್ ಮರೆತು ಮನೆಗೆ ಹೋದರೆ, ಮಧ್ಯಾಹ್ನ ಬಂದು ಒತ್ತಿದ್ದು 'ಹೊರಗೆ' ಎಂದು ಕೂರುತ್ತದೆ. ಖಾಲಿ ಹೊತ್ತೆಲ್ಲ ಡ್ಯೂಟಿಯಾಗುತ್ತದೆ, ಸಂಜೆಯ ಡ್ಯೂಟಿ ಮಾಯವಾಗುತ್ತದೆ. ಒಂದೇ ಪಾಳಿಯವರಲ್ಲಿ ಒಂದು ಪಂಚು ತಪ್ಪಿದರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಎರಡು ಪಾಳಿಯಲ್ಲಿ ಉಳಿದ ಮೂರು ಪಂಚುಗಳು ನೋಡಲು ಅಚ್ಚುಕಟ್ಟಾಗಿಯೇ ಇರುತ್ತವೆ, ಮೋಸ ಗೊತ್ತಾಗುವುದು ಸಂಬಳ ಎಣಿಸಿಕೊಂಡ ಮೇಲೆ.

ಆಮೇಲೆ ಜಿಪಿಎಸ್ ಹಿಡಿದು ನೋಡಿದೆ. ಇಂಜಿನ್ ಆನ್ ಆದಷ್ಟು ಹೊತ್ತು ಡ್ಯೂಟಿ ಎಂಬ ಲೆಕ್ಕ. ಬೆಳಗ್ಗೆ ಗಾಳಿ, ನೀರು, ಆಯಿಲ್ ನೋಡುವ ಹೊತ್ತು, ಗೇಟಿನ ಮುಂದೆ ಇಂಜಿನ್ ಆರಿಸಿ ಕಾಯುವ ಹೊತ್ತು, ಬಸ್ಸು ಗುಡಿಸುವ ಹೊತ್ತು ಯಾವುದೂ ಅದರಲ್ಲಿ ಬರುವುದಿಲ್ಲ. ದಿನಕ್ಕೆ ಒಬ್ಬೊಬ್ಬರದು ಒಂದು ಗಂಟೆಯ ಹತ್ತಿರ ಕಮ್ಮಿ ತೋರಿಸುತ್ತಿತ್ತು. ಚಾಲಕರು ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ತೆಗೆದು ನೋಡಿದರೆ, ಗಾಡಿ ಓಡಿದ ಹೊತ್ತಷ್ಟೇ ಕೆಲಸವಲ್ಲ. ಗಾಡಿಯನ್ನು ವಹಿಸಿಕೊಳ್ಳುವುದು, ಶೆಡ್ಡಿಗೆ ಸೇರಿಸುವುದು, ರಿಜಿಸ್ಟರಿಗೆ ಸಹಿ ಹಾಕುವುದು ಎಲ್ಲವೂ ಕೆಲಸದ ಗಂಟೆಯೇ. ನಿಲ್ದಾಣದಲ್ಲಿ ಹದಿನೈದು ನಿಮಿಷಕ್ಕಿಂತ ಕಡಿಮೆ ಕಾದರೆ ಅದೂ ಸೇರುತ್ತದೆ. ಒಟ್ಟಿನಲ್ಲಿ ಆ ಮನುಷ್ಯ ಯಾರ ಸ್ವಾಧೀನದಲ್ಲಿದ್ದಾನೆ ಎಂಬುದೇ ಪ್ರಶ್ನೆ.

ನನಗೆ ದಾರಿ ತೋರಿಸಿದ್ದು ಆ ಸ್ವಾಧೀನದ ಮಾತು. ನಮ್ಮಲ್ಲಿ ಅದನ್ನು ಅಳೆಯುವ ವಸ್ತು ಗೋಡೆಯ ಮೇಲೆಯೇ ನೇತಾಡುತ್ತಿತ್ತು: ಕೀ ಬೋರ್ಡು. ಕೀ ತೆಗೆದುಕೊಂಡ ನಿಮಿಷದಿಂದ ಡ್ಯೂಟಿ ಶುರು, ವಾಪಸ್ ಹಾಕಿದ ನಿಮಿಷಕ್ಕೆ ಮುಗಿಯಿತು. ನಡುವಿನ ಹೊತ್ತಿಗೆ ಸಂಬಳ ಇಲ್ಲ ಅನ್ನಬೇಕಾದರೆ ಕೀ ಬೋರ್ಡಿನಲ್ಲಿರಬೇಕು. ಚಾಲಕನ ಜೇಬಿನಲ್ಲಿದ್ದರೆ ಅವನು ಮರದ ಕೆಳಗೆ ನಿದ್ದೆ ಮಾಡುತ್ತಿದ್ದರೂ ಡ್ಯೂಟಿಯೇ. "ನಿದ್ದೆಗೂ ಸಂಬಳ ಕೊಡ್ಬೇಕೇನ್ರೀ?" ಎಂದು ಓನರ್ ರೇಗಿದರು. "ನಿದ್ದೆಗೆ ಬೇಡ ಸಾರ್, ಗಾಡಿ ಕಾಯೋದಕ್ಕೆ ಕೊಡಿ. ಬೇಡ ಅಂದ್ರೆ ಕೀ ಇಸಕೊಳ್ಳಿ" ಎಂದೆ. ಇಸಕೊಳ್ಳುವುದು ನಮ್ಮ ಕೈಯಲ್ಲೇ ಇತ್ತಲ್ಲ! ಶಾಲೆಯ ಮೈದಾನದಲ್ಲೇ ಗಾಡಿ ನಿಲ್ಲಿಸಿಕೊಳ್ಳುತ್ತಿದ್ದವರೆಲ್ಲ ಆ ವಾರದಿಂದ ಶೆಡ್ಡಿಗೆ ಬರತೊಡಗಿದರು. ಡೀಸೆಲ್ ಸ್ವಲ್ಪ ಹೆಚ್ಚು ಖರ್ಚಾಯಿತು, ಅದನ್ನು ಮುಚ್ಚಿಡುವುದಿಲ್ಲ. ತೀರ ದೂರದ ಎರಡು ಗಾಡಿಗಳಿಗೆ ಮಾತ್ರ ಶಾಲೆಯ ಕಾವಲುಗಾರರ ಹತ್ತಿರ ಪೆಟ್ಟಿಗೆ, ರಿಜಿಸ್ಟರು ಇಟ್ಟೆವು.

ಒಬ್ಬ ಚಾಲಕನ ಒಂದು ದಿನ ತೆಗೆದುಕೊಳ್ಳಿ. ಬೆಳಗ್ಗೆ 5:50ಕ್ಕೆ ಕೀ ತೆಗೆದ, 8:40ಕ್ಕೆ ಶೆಡ್ಡಿಗೆ ಬಂದ. ಡೀಸೆಲ್ಲು, ತೊಳೆಯುವುದು ಮುಗಿಸಿ 9:40ಕ್ಕೆ ಕೀ ಹಾಕಿದ. ಮಧ್ಯಾಹ್ನ 14:40ಕ್ಕೆ ತೆಗೆದು ಸಂಜೆ 17:50ಕ್ಕೆ ಹಾಕಿದ. ಬೆಳಗಿನದು 3 ಗಂಟೆ 50 ನಿಮಿಷ, ಸಂಜೆಯದು 3 ಗಂಟೆ 10 ನಿಮಿಷ, ಒಟ್ಟು ಸರಿಯಾಗಿ 7 ಗಂಟೆ. ನಮ್ಮ ಒಪ್ಪಂದದಲ್ಲಿ ತಿಂಗಳ ಸಂಬಳ ದಿನಕ್ಕೆ ಆರೂವರೆ ಗಂಟೆಯದು, ಕೆಲಸ ಕಮ್ಮಿಯಾದರೂ ಕಡಿತವಿಲ್ಲ. ಅದರ ಮೇಲೆ ಎಂಟು ಗಂಟೆಯವರೆಗೆ ಒಂದು ಪಟ್ಟು, ಎಂಟು ದಾಟಿದರೆ ಕಾನೂನಿನಂತೆ ಎರಡು ಪಟ್ಟು. ಆಗಿನ ಸಂಬಳ 16,900 ಅಂತ ನೆನಪು. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 650, ಗಂಟೆಗೆ ನೂರು ರೂಪಾಯಿ. ಹಾಗಾಗಿ ಈ ದಿನಕ್ಕೆ ಅವನಿಗೆ ಅರ್ಧ ಗಂಟೆಯ ಐವತ್ತು ರೂಪಾಯಿ ಹೆಚ್ಚು ಸೇರಬೇಕು.

ಕಾಗದದಲ್ಲಿ ಬರೆಯುತ್ತಿದ್ದಾಗ ಅವನಿಗೆ ಸಿಗುತ್ತಿದ್ದುದು ಹತ್ತು ರೂಪಾಯಿ. ನಮ್ಮ ಗುಮಾಸ್ತ 3.50 ಮತ್ತು 3.10 ಎಂದು ಬರೆದುಕೊಂಡು ಕ್ಯಾಲ್ಕುಲೇಟರಿನಲ್ಲಿ ಕೂಡಿಸುತ್ತಿದ್ದ, 6.60 ಬರುತ್ತಿತ್ತು. ಅದರಲ್ಲಿ ಆರೂವರೆ ಕಳೆದು 0.10 ಗಂಟೆಗೆ ಹತ್ತು ರೂಪಾಯಿ. ಅರವತ್ತು ನಿಮಿಷದ ಗಂಟೆಯನ್ನು ನೂರರ ಲೆಕ್ಕದಲ್ಲಿ ಕೂಡಿಸಿದರೆ ನಷ್ಟ ಯಾವಾಗಲೂ ಚಾಲಕನಿಗೇ, ಒಂದು ದಿನವೂ ಮಾಲೀಕನಿಗಲ್ಲ. ಪಾಳಿ ಎರಡಿದ್ದರೆ ನಷ್ಟವೂ ಎರಡು ಸಲ. ಇಬ್ಬರು ಹಿರಿಯ ಚಾಲಕರು ಹಳೆಯ ಬಾಕಿ ಕೇಳಿ ಯೂನಿಯನ್ನಿನವರನ್ನು ಕರೆತಂದಾಗ ಈ ಪುಟಗಳನ್ನೇ ಹರಡಿ ಎಣಿಸಿ ಕೊಟ್ಟೆವು.

ಈಗ ಕಂಪ್ಯೂಟರಿನ ಶೀಟಿನಲ್ಲಿ ಎಲ್ಲವೂ ನಿಮಿಷದಲ್ಲಿ. B, C ಬೆಳಗಿನ ಕೀ, D, E ಸಂಜೆಯ ಕೀ. F ಕಾಲಮ್ಮಿನಿಂದ ಹೀಗೆ:

```
F2: =IF(COUNT(B2:E2)=4,ROUND(((C2-B2)+(E2-D2))*1440,0),"?")
G2: =IF(COUNT(B2:E2)=4,ROUND((E2-B2)*1440,0),"?")
H2: =IF(ISNUMBER(F2),MAX(0,MIN(F2,480)-390),0)
I2: =IF(ISNUMBER(F2),MAX(0,F2-480),0)
```

ನಾಲ್ಕು ಹೊತ್ತೂ ತುಂಬಿಲ್ಲದಿದ್ದರೆ ಪ್ರಶ್ನೆ ಚಿಹ್ನೆ ಬರುತ್ತದೆ. ಅದನ್ನು ಅವತ್ತೇ ಸಂಜೆ ಚಾಲಕನ ಎದುರಿಗೆ ತುಂಬಬೇಕು, ತಿಂಗಳ ಕೊನೆಗೆ ಬಿಟ್ಟರೆ ಯಾರಿಗೂ ನೆನಪಿರುವುದಿಲ್ಲ. H ಒಂದು ಪಟ್ಟಿನ ನಿಮಿಷ, I ಎರಡು ಪಟ್ಟಿನದು. ತಿಂಗಳ ಮೊತ್ತ ಬಂದ ಮೇಲೆ ಒಂದೇ ಸಲ 60ರಿಂದ ಭಾಗಿಸುತ್ತೇನೆ. ನಡುವೆ ಒಂದು ತಿಂಗಳು ಕಾಲು ಗಂಟೆಗೆ ಸರಿಪಡಿಸಿ ನೋಡಿದೆ, ರಿಜಿಸ್ಟರ್ ಚೆಂದ ಕಾಣುತ್ತದಲ್ಲ ಎಂದು. ಹೀಗೆ ಮಾಡಿದರೆ ಒಂದೊಂದು ಹೊತ್ತಿಗೆ ಏಳು ನಿಮಿಷದವರೆಗೆ ಆಚೀಚೆ ಆಗಬಹುದು. ನಮ್ಮಲ್ಲಿ ದಿನಕ್ಕೆ ನಾಲ್ಕು ಹೊತ್ತುಗಳು. 5:50ರ ಬದಲು 5:52ಕ್ಕೆ ಕೀ ತೆಗೆದರೆ ಏನಾಗುತ್ತದೆ, 5:53ಕ್ಕೆ ತೆಗೆದರೆ ಏನಾಗುತ್ತದೆ ಎಂದು ಚಾಲಕರು ನನಗಿಂತ ಬೇಗ ಕಂಡುಹಿಡಿದರು. ಅಲ್ಲಿಗೆ ಆ ಪ್ರಯೋಗ ಮುಗಿಯಿತು.

G ಕಾಲಮ್ಮನ್ನು ಹಗುರವಾಗಿ ನೋಡಬೇಡಿ. ಅದು ದಿನದ ಮೊದಲ ಕೀಯಿಂದ ಕೊನೆಯ ಕೀವರೆಗಿನ ಹರವು. ಸಂಬಳಕ್ಕೆ ಅದರಿಂದ ಏನೂ ಸೇರುವುದಿಲ್ಲ, ಆದರೆ 1961ರ ಕಾಯ್ದೆಯಲ್ಲಿದ್ದ ಸಾಮಾನ್ಯ ಮಿತಿ ದಿನಕ್ಕೆ ಹನ್ನೆರಡು ಗಂಟೆ, ಅಂದರೆ 720 ನಿಮಿಷ. ಮೇಲಿನ ಚಾಲಕನದು 5:50ರಿಂದ 17:50, ಸರಿಯಾಗಿ 720. ರಸ್ತೆಯಲ್ಲಿ ಇಪ್ಪತ್ತು ನಿಮಿಷ ಸಿಕ್ಕಿಹಾಕಿಕೊಂಡರೆ ಮಿತಿ ದಾಟಿತು, ದುಡಿದದ್ದು ಏಳು ಗಂಟೆ ಇಪ್ಪತ್ತು ನಿಮಿಷ ಮಾತ್ರವಾದರೂ! ಓಟಿ ದುಡ್ಡು ಕೊಟ್ಟರೆ ಇದು ಸರಿಹೋಗುವುದಿಲ್ಲ. ಬೆಳಗ್ಗೆ ಎಲ್ಲರಿಗಿಂತ ಮೊದಲು ಹೊರಡುವವನಿಗೆ ಸಂಜೆ ಬೇಗ ಮುಗಿಯುವ ರೂಟ್ ಹಾಕಿ, ತಡವಾಗಿ ಹೊರಡುವವನಿಗೆ ಸಂಜೆಯ ಉದ್ದದ ರೂಟ್ ಕೊಟ್ಟೆ. "ನನ್ನ ಮಕ್ಕಳು, ನನ್ನ ರೂಟು" ಎಂದು ಕೆಲವರು ಮುನಿಸಿಕೊಂಡರು. ಯಾವ ರೂಟಿಗೆ ಯಾವುದನ್ನು ಜೋಡಿಸಿದೆ, ಆ ಜೋಡಿಗಳನ್ನು ಹೇಗೆ ಆರಿಸಿದೆ ಎಂಬುದನ್ನು ಇಲ್ಲಿ ಹೇಳಲಾರೆ. ಶಾಲೆಗಳಿಗೆ ನಾವು ಕೊಡುವ ರೇಟು ಅದರ ಮೇಲೆ ನಿಂತಿದೆ.

ಹನ್ನೊಂದೂವರೆಯ ಫೋನು ಪೂರ್ತಿ ನಿಂತಿದೆ. ಅದೇ ಕಾಯ್ದೆಯ ಪ್ರಕಾರ ಒಂದು ದಿನದ ಕೆಲಸವನ್ನು ಎರಡು ತುಂಡಿಗಿಂತ ಹೆಚ್ಚು ಮಾಡುವಂತಿರಲಿಲ್ಲ, ನಡುವೆ ಕರೆದರೆ ಮೂರನೆಯ ತುಂಡು. ಅದಕ್ಕೇ ಡೀಸೆಲ್ಲು, ತೊಳೆಯುವುದು, ಎಫ್‌ಸಿ ಎಲ್ಲವನ್ನೂ ಬೆಳಗಿನ ಪಾಳಿಯ ಬಾಲಕ್ಕೆ ಅಂಟಿಸಿದೆ. ಬಾಟಾ ಹೋಯಿತು, ನಿಮಿಷದ ದುಡ್ಡು ಬಂತು. ಬಾಟಾಗೆ ಮೂವತ್ತು ಸಾವಿರದ ಮೇಲೆ ಹೋಗುತ್ತಿದ್ದ ಕಡೆ ಈಗ ಇಪ್ಪತ್ತೊಂದೋ ಇಪ್ಪತ್ತೆರಡೋ ಸಾವಿರದಲ್ಲಿ ಮುಗಿಯುತ್ತದೆ. ಚಾಲಕರಲ್ಲಿ ಕೆಲವರಿಗೆ ಕೈಗೆ ಬರುವುದು ಕಮ್ಮಿಯಾಯಿತು, ನಿಜ. ಆದರೆ ಬಿಡುವು ನಿಜವಾದ ಬಿಡುವಾದ್ದರಿಂದ ಇಬ್ಬರು ಆಟೋ ಓಡಿಸುತ್ತಾರೆ, ಒಬ್ಬರು ಹೆಂಡತಿಯ ಟೈಲರಿಂಗ್ ಅಂಗಡಿಯಲ್ಲಿ ಕೂರುತ್ತಾರೆ. ಆಟೋದವರ ವಿಷಯದಲ್ಲಿ ನನಗೆ ಅರೆಮನಸ್ಸು. ದಣಿದು ಬಂದು ಮಕ್ಕಳ ಗಾಡಿ ಹತ್ತುತ್ತಾರೇನೋ ಎಂದು ಎರಡೂವರೆಗೆ ಮುಖ ನೋಡಿಯೇ ಕೀ ಕೊಡುತ್ತೇನೆ.

ಆಯಾಗಳಿಗೆ ಕೀ ಇಲ್ಲವಲ್ಲ. ಶೆಡ್ಡಿನಿಂದ ಹತ್ತುವವರಿಗೆ ಆ ಬಸ್ಸಿನ ಕೀಯ ಹೊತ್ತನ್ನೇ ಹಾಕಿದೆ. ದಾರಿಯಲ್ಲಿ ಹತ್ತಿ ಇಳಿಯುವವರದು ಟ್ರಿಪ್ ಶೀಟಿನಲ್ಲಿ ಚಾಲಕ ಬರೆಯುತ್ತಾನೆ, ಆಯಾ ಸಹಿ ಹಾಕುತ್ತಾಳೆ. ಇದಿನ್ನೂ ಅಷ್ಟು ಗಟ್ಟಿಯಾಗಿಲ್ಲ.

ವಾರ್ಷಿಕೋತ್ಸವದ ದಿನ ಮಾತ್ರ ಈ ಜೋಡಣೆ ನಡೆಯುವುದಿಲ್ಲ. ರಾತ್ರಿ ಎಂಟೂವರೆಗೆ ಮಕ್ಕಳನ್ನು ಬಿಡಬೇಕಾದವನು ಬೆಳಗ್ಗೆ ಆರಕ್ಕೆ ಬಂದರೆ ಹರವು ಹದಿನಾಲ್ಕು ಗಂಟೆ ದಾಟುತ್ತದೆ. ಅವತ್ತು ಬೆಳಗಿನ ಟ್ರಿಪ್ಪಿಗೆ ಬದಲಿ ಚಾಲಕ, ಇವನು ಮಧ್ಯಾಹ್ನದಿಂದ ಒಂದೇ ಪಾಳಿ. ಕಾರ್ಯಕ್ರಮ ನಡೆಯುವಷ್ಟು ಹೊತ್ತು ಕೀ ಅವನ ಹತ್ತಿರವೇ, ಆದ್ದರಿಂದ ಕಾದದ್ದಕ್ಕೂ ಪೂರ್ತಿ ಹಣ. ಬದಲಿ ಚಾಲಕನ ಖರ್ಚನ್ನು ಶಾಲೆಯ ಬಿಲ್ಲಿಗೇ ಸೇರಿಸುತ್ತೇವೆ. ಮೊದಲ ವರ್ಷ ಗೊಣಗಿದರು, ಈಗ ಕೊಡುತ್ತಾರೆ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. ನಾನು ಶೀಟ್ ಕಟ್ಟಿದ್ದು ಹಳೆಯ ಕಾಯ್ದೆಯ ಮೇಲೆ, ಆದ್ದರಿಂದ 480, 720 ಈ ಎರಡು ಅಂಕಿಗಳನ್ನು ನಿಮ್ಮ ಲೆಕ್ಕಿಗರಿಗೆ ತೋರಿಸಿಯೇ ಇಟ್ಟುಕೊಳ್ಳಿ. ಫ್ಯಾಕ್ಟರಿ ಶಿಫ್ಟಿಗೆ ಗಾಡಿ ಬಿಡುವವರು ಇನ್ನೊಂದು ತಿದ್ದಬೇಕು. ಎರಡನೆಯ ಪಾಳಿ ನಡುರಾತ್ರಿ ದಾಟಿದರೆ E2-D2 ಮೈನಸ್ ಬರುತ್ತದೆ, ಅಲ್ಲಿ MOD(E2-D2,1) ಹಾಕಿ, ಹರವಿಗೂ ಹಾಗೆಯೇ MOD(E2-B2,1). ಆ ನಿಮಿಷಗಳನ್ನೆಲ್ಲ ಮೊದಲ ಕೀ ತೆಗೆದ ದಿನದ ಸಾಲಿಗೇ ಬರೆಯಿರಿ.