ಒಂದೇ ಬಿಲ್ಲು, ಎರಡು ಪಾರ್ಟಿ ಕೋಡ್: ರಾತ್ರಿ ಪಾಳಿಯ ವರದಿ ತಡೆದ ಪಾವತಿ

2024ರ ನವೆಂಬರ್ 28, ಗುರುವಾರದ ರಾತ್ರಿ ಪಾಳಿ. ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ಕಚೇರಿಯಲ್ಲಿ ನಾನು ಮತ್ತು ಕಾವಲುಗಾರರು ಇಬ್ಬರೇ. ಒಂದೇ ಬಿಲ್ಲಿಗೆ ಎರಡು ಸಲ ಹಣ ಹೋಗದಂತೆ ಹುಡುಕಲು ನಾನು ಬರೆದ ವರದಿ ಒಂದೂವರೆಗೆ ತಾನಾಗಿ ಓಡಿ ಮುಗಿದಾಗ ಪರದೆಯ ಮೇಲೆ ಮೂರು ಸಾಲು ಉಳಿದವು. ಎರಡು ಸಾಲುಗಳನ್ನು ನೋಡಿದ ಕೂಡಲೇ ಬಿಟ್ಟೆ, ಅವು ಎರಡು ಬೇರೆ ಸರಣಿಯ ಬಿಲ್ಲುಗಳು. ಮೂರನೆಯದರಲ್ಲಿ ಕಣ್ಣು ನಿಂತಿತು: ಹಾವೇರಿ ಘಟಕದಿಂದ 12ನೇ ತಾರೀಕು ಹಣ ಹೋಗಿದ್ದ ಬಾಯ್ಲರ್ ರಿಪೇರಿಯ ಬಿಲ್ಲು, ಬೆಳಿಗ್ಗೆ ಬ್ಯಾಂಕಿಗೆ ಹೋಗಬೇಕಾದ ಪಟ್ಟಿಯಲ್ಲಿ ಮತ್ತೆ ಕುಳಿತಿತ್ತು. ಮೊತ್ತ 2,83,200 ರೂಪಾಯಿ.

ಈ ವರದಿ ಬೇಡವೆಂದವರೇ ಹೆಚ್ಚು. ‘ಸಾಫ್ಟ್‌ವೇರ್ ತಾನೇ ತಡೆಯುತ್ತದಲ್ಲ, ಮತ್ತೆ ನಿನ್ನದೇಕೆ?’ ಎಂದು ಮ್ಯಾನೇಜರ್ ಎರಡು ಸಲ ಕೇಳಿದ್ದರು. ಸಾಫ್ಟ್‌ವೇರ್ ತಡೆಯುವುದು ನಿಜ. ಆದರೆ ಹಣ ಪಡೆಯುವವರಿಗೆ ನಾವು ಕೊಡುವ ಪಾರ್ಟಿ ಕೋಡ್ ಅದೇ ಇದ್ದು, ಬಿಲ್ ಸಂಖ್ಯೆ ಅಕ್ಷರಕ್ಕೆ ಅಕ್ಷರ ಅದೇ ಆಗಿದ್ದರೆ ಮಾತ್ರ. ಒಂದು ಅಡ್ಡಗೆರೆ ಬದಲಾದರೂ ಅದರ ಲೆಕ್ಕದಲ್ಲಿ ಅದು ಹೊಸ ಬಿಲ್ಲು. ಅದಕ್ಕಿಂತ ಒಂದು ವರ್ಷ ಹಿಂದೆ ಲಾರಿ ಬಾಡಿಗೆಯ ಸುಮಾರು ಅರವತ್ತು ಸಾವಿರ ಹೀಗೆಯೇ ಎರಡು ಬಾರಿ ಹೋಗಿತ್ತು. ಅದನ್ನು ಮುಂದಿನ ಬಿಲ್ಲುಗಳಲ್ಲಿ ಮುರಿದುಕೊಂಡು ತೀರಿಸಲು ನಾಲ್ಕು ತಿಂಗಳು ಹಿಡಿಯಿತು. ಈಗ ಎನ್‌ಇಎಫ್‌ಟಿ ಹಗಲು ರಾತ್ರಿ ನಡೆಯುತ್ತದೆ, ಅರ್ಧ ಗಂಟೆಗೊಂದು ಕಂತು ಹೊರಡುತ್ತದೆ. ಹಣ ಎದುರಿನವರ ಖಾತೆಗೆ ಬಿದ್ದ ಮೇಲೆ ಅವರ ಒಪ್ಪಿಗೆ ಇಲ್ಲದೆ ಬ್ಯಾಂಕ್ ವಾಪಸು ತಂದುಕೊಡುವುದಿಲ್ಲ. ಹಾಗಾಗಿ ಹಿಡಿಯುವುದಿದ್ದರೆ ಪಟ್ಟಿ ಬ್ಯಾಂಕಿಗೆ ಏರುವ ಮೊದಲೇ ಹಿಡಿಯಬೇಕು. ನಮ್ಮಲ್ಲಿ ಪಟ್ಟಿ ರಾತ್ರಿ ಹನ್ನೊಂದಕ್ಕೆ ಮುಚ್ಚುತ್ತದೆ, ಬೆಳಿಗ್ಗೆ ಏಳೂವರೆಗೆ ಏರುತ್ತದೆ. ನಡುವಿನ ಆ ಹೊತ್ತು ನನ್ನದು.

ಮೊದಲ ವರದಿ ಸೋತದ್ದನ್ನು ಹೇಳಲೇಬೇಕು. ಒಂದೇ ಪಾರ್ಟಿ, ಒಂದೇ ಮೊತ್ತ, ತೊಂಬತ್ತು ದಿನದೊಳಗೆ ಎರಡು ಸಲ ಬಂದರೆ ತೋರಿಸು ಎಂದು ಬರೆದಿದ್ದೆ. ಮೊದಲ ರಾತ್ರಿಯೇ ಮುನ್ನೂರಕ್ಕೂ ಹೆಚ್ಚು ಸಾಲು ಬಂದವು. ಗೋದಾಮಿನ ಬಾಡಿಗೆ, ಕಾವಲಿನವರ ತಿಂಗಳ ಬಿಲ್ಲು, ಬ್ಯಾಡಗಿಯಿಂದ ತಾರಿಹಾಳಕ್ಕೆ ಒಂದೇ ದರದಲ್ಲಿ ಓಡುವ ಲಾರಿಗಳು, ಎಲ್ಲವೂ ಅದರಲ್ಲಿದ್ದವು. ಮೂರನೇ ದಿನಕ್ಕೆ ಮ್ಯಾನೇಜರ್ ಆ ಮೇಲ್ ತೆರೆಯುವುದನ್ನೇ ಬಿಟ್ಟರು. ಓದದ ವರದಿ ಇದ್ದೂ ಇಲ್ಲದಂತೆ, ಅವರದು ತಪ್ಪಲ್ಲ.

ಎರಡನೆಯ ಸಲ ಬಿಲ್ ಸಂಖ್ಯೆಗಳ ಹೋಲಿಕೆಗೆ ಕೈ ಹಾಕಿದೆ. ಎಷ್ಟು ಅಕ್ಷರ ಬದಲಿಸಿದರೆ ಒಂದು ಇನ್ನೊಂದಾಗುತ್ತದೆ ಎಂದು ಎಣಿಸುವ ಪದ್ಧತಿ ನಿಮಗೆಲ್ಲ ಗೊತ್ತು. ಹೆಸರುಗಳಿಗೆ ಅದು ಒಗ್ಗುತ್ತದೆ, ಬಿಲ್ ಸಂಖ್ಯೆಗೆ ಸಂಪೂರ್ಣ ತಿರುಗುಮುರುಗು. `HE/046/24-25` ಮತ್ತು `HE/047/24-25` ನಡುವೆ ಒಂದೇ ಅಂಕಿಯ ವ್ಯತ್ಯಾಸ, ಆದರೆ ಅವು ಬೆನ್ನಿಗೆ ಬೆನ್ನು ಬಂದ ಎರಡು ನಿಜವಾದ ಬಿಲ್ಲುಗಳು. `HE/047/24-25` ಮತ್ತು `HE-47` ನೋಡಲು ಎಷ್ಟೋ ದೂರ, ಆದರೆ ಒಂದೇ ಕಾಗದ. ಆ ಪದ್ಧತಿ ಬೇಕಾದದ್ದನ್ನು ಬಿಟ್ಟು ಬೇಡವಾದದ್ದನ್ನು ಹಿಡಿಯುತ್ತಿತ್ತು. ಇದು ಅರ್ಥವಾಗಲು ನನಗೆ ಮೂರು ವಾರ ಬೇಕಾಯಿತು.

ಹೊಂದಿದ್ದು ಇದು: ಬಿಲ್ ಸಂಖ್ಯೆಯ ಕೊನೆಯ ಆರ್ಥಿಕ ವರ್ಷದ ತುಂಡನ್ನು ಕತ್ತರಿಸುವುದು, ಅಕ್ಷರ ಮತ್ತು ಗೆರೆಗಳನ್ನು ತೆಗೆಯುವುದು, ಮುಂದಿನ ಸೊನ್ನೆಗಳನ್ನು ಉದುರಿಸುವುದು. ಉಳಿಯುವುದು 47. ಜಿಎಸ್‌ಟಿ ನಿಯಮದಂತೆ ಬಿಲ್ಲಿನ ಕ್ರಮಸಂಖ್ಯೆ ಒಂದು ಆರ್ಥಿಕ ವರ್ಷದೊಳಗೆ ಮರುಕಳಿಸಬಾರದು, ಮರುವರ್ಷ ಮತ್ತೆ ಮೊದಲಿನಿಂದ ಶುರುವಾಗಬಹುದು. ಆದ್ದರಿಂದ ವರ್ಷವನ್ನು ಎಸೆಯದೆ, ಬಿಲ್ಲಿನ ತಾರೀಕಿನಿಂದ ತೆಗೆದು ಬೇರೆ ಕಾಲಮ್ಮಿನಲ್ಲಿ ಇಟ್ಟುಕೊಳ್ಳಬೇಕು. ಪಾರ್ಟಿ ಕೋಡನ್ನು ನಂಬುವುದನ್ನೂ ಬಿಟ್ಟೆ. ಜಿಎಸ್‌ಟಿ ಸಂಖ್ಯೆಯ ಹದಿನೈದು ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದವು, ನಮ್ಮಲ್ಲಿ 29. ಮೂರರಿಂದ ಹನ್ನೆರಡರವರೆಗೆ ಇರುವುದು ಪ್ಯಾನ್. ಹಾವೇರಿಯವರು ಮಾಲೀಕರ ಹೆಸರಿನಲ್ಲಿ ಕೋಡ್ ತೆರೆಯಲಿ, ಹುಬ್ಬಳ್ಳಿಯವರು ಅಂಗಡಿಯ ಹೆಸರಿನಲ್ಲಿ ತೆರೆಯಲಿ, ಪ್ಯಾನ್ ಒಂದೇ.

```sql
SELECT a.bill_id, b.bill_id, a.num_key, a.taxable
FROM bills a JOIN bills b
  ON SUBSTR(a.gstin, 3, 10) = SUBSTR(b.gstin, 3, 10)
 AND a.fy = b.fy
 AND a.num_key = b.num_key
 AND ABS(a.taxable - b.taxable) <= 5
 AND a.bill_id < b.bill_id
WHERE 'PROPOSED' IN (a.pay_status, b.pay_status);
```

ಕೊನೆಯ ಸಾಲನ್ನು ಮೊದಲು `b.pay_status = 'PROPOSED'` ಎಂದಷ್ಟೇ ಬರೆದಿದ್ದೆ. ತಡವಾಗಿ ನಮೂದಾದ ಬಿಲ್ಲಿಗೆ ಮೊದಲೇ ಹಣ ಹೋಗಿ, ಹಳೆಯ ನಮೂದು ಪಟ್ಟಿಯಲ್ಲಿ ಕಾಯುತ್ತಿದ್ದರೆ ಅದು ಕಣ್ತಪ್ಪಿ ಹೋಗುತ್ತಿತ್ತು. ಇನ್ನೊಂದು ಪೆಟ್ಟು ತಿಂದದ್ದು `num_key` ಕಟ್ಟುವಾಗ. ಗೆರೆಗಳನ್ನು ಮೊದಲು ತೆಗೆದು ನಂತರ 2425 ಎಂಬ ತುಂಡನ್ನು ಎಲ್ಲಿದ್ದರೂ ಅಳಿಸುತ್ತಿದ್ದೆ. ಲಾರಿ ಬಾಡಿಗೆಯವರೊಬ್ಬರ ಬಿಲ್ಲಿನ ಸಂಖ್ಯೆಯೇ 2425 ಆಗಿತ್ತು. ಅದು ಖಾಲಿಯಾಯಿತು. ಅಂಕಿಯೇ ಇಲ್ಲದೆ ಹೆಸರು ಮಾತ್ರ ಬರೆದ ಅವರ ಇತರ ನಮೂದುಗಳೂ ಖಾಲಿ. ಖಾಲಿ ಪದ ಖಾಲಿ ಪದಕ್ಕೆ ಸಮ, ಆದ್ದರಿಂದ ಒಂದೇ ದರದ ಆ ಬಿಲ್ಲುಗಳೆಲ್ಲ ಒಂದಕ್ಕೊಂದು ಜೋಡಿಯಾಗಿ ಒಂದು ಬೆಳಗ್ಗೆ ಅರವತ್ತರಷ್ಟು ಸಾಲು ಉದುರಿದವು. ಈಗ ಖಾಲಿ ಉಳಿದದ್ದನ್ನು `NULL` ಮಾಡುತ್ತೇನೆ, `NULL` ಯಾವುದಕ್ಕೂ ಸಮವಲ್ಲ. ಅಂಥ ಬಿಲ್ಲುಗಳನ್ನು ಬೇರೆ ಪಟ್ಟಿಯಲ್ಲಿ ಕಣ್ಣಿನಿಂದಲೇ ನೋಡುತ್ತೇನೆ.

ಕೈಬರಹದ ಬಿಲ್ಲಿನಲ್ಲಿ 1 ಮತ್ತು 7 ಅದಲುಬದಲಾದಾಗ ಏನು ಮಾಡುತ್ತೇನೆ, ಜಿಎಸ್‌ಟಿ ಸಂಖ್ಯೆ ಇಲ್ಲದ ಸಣ್ಣ ಪಾರ್ಟಿಗಳನ್ನು ಯಾವುದರಿಂದ ಜೋಡಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ವರದಿ ಎಲ್ಲಿ ನೋಡುತ್ತದೆ ಎಂಬುದು ಪೂರ್ತಿ ಗೊತ್ತಾದರೆ ತಪ್ಪಿಸಿಕೊಳ್ಳುವ ದಾರಿಯೂ ಗೊತ್ತಾಗುತ್ತದೆ.

ಆ ರಾತ್ರಿಗೆ ಬರೋಣ. ರಿಪೇರಿಯ ಮೂಲ ಮೊತ್ತ 2,40,000. ಅದಕ್ಕೆ ಶೇ 18 ಜಿಎಸ್‌ಟಿ 43,200, ಒಟ್ಟು 2,83,200. ಗುತ್ತಿಗೆದಾರರು ಒಬ್ಬರೇ ಮಾಲೀಕರು, ಪ್ಯಾನಿನ ನಾಲ್ಕನೇ ಅಕ್ಷರ P. ಹಾಗಾಗಿ ಹಾವೇರಿಯವರು ಮೂಲ ಮೊತ್ತದ ಮೇಲೆ ಶೇ 1 ಟಿಡಿಎಸ್, ಅಂದರೆ 2,400 ಮುರಿದು 2,80,800 ಕೊಟ್ಟಿದ್ದರು. ಹುಬ್ಬಳ್ಳಿಯ ಕೋಡಿನಲ್ಲಿ ಟಿಡಿಎಸ್ ಗುರುತನ್ನೇ ಹಾಕಿರಲಿಲ್ಲ, ಆದ್ದರಿಂದ ಪಟ್ಟಿಯಲ್ಲಿ ಪೂರ್ತಿ 2,83,200 ಕುಳಿತಿತ್ತು. ಕೈಗೆ ಹೋಗುವ ಹಣವನ್ನು ಹೋಲಿಸುತ್ತಿದ್ದ ನನ್ನ ಮೊದಲ ವರದಿಗೆ ಇವೆರಡು ಬೇರೆ ಬೇರೆ. ಮೂಲ ಮೊತ್ತವನ್ನು ಹೋಲಿಸಿದ್ದರಿಂದ ಸಿಕ್ಕಿಬಿತ್ತು.

ಎರಡೂ ಕಾಗದಗಳನ್ನು ಪಕ್ಕಪಕ್ಕ ತೆರೆದೆ. ಹಾವೇರಿಯದು ನೇರವಾದ ಸ್ಕ್ಯಾನ್. ಹುಬ್ಬಳ್ಳಿಯದು ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊ, ಓರೆಯಾಗಿ ತೆಗೆದದ್ದು, ಮೇಲಿನ ಬಲಮೂಲೆಯ ಮೇಲೆ ಹೆಬ್ಬೆರಳಿನ ನೆರಳು ಬಿದ್ದಿತ್ತು. ನೆರಳಿನಡಿ ವರ್ಷದ ತುಂಡು ಕಾಣುತ್ತಿರಲಿಲ್ಲ. ನಮೂದು ಮಾಡಿದವರು ಕಂಡಷ್ಟನ್ನು `HE-47` ಎಂದು ಬರೆದಿದ್ದರು. ಆದರೆ ಸಹಿಯ ಮೇಲಿನ ಸೀಲು ಎರಡರಲ್ಲೂ ಒಂದೇ ಕಡೆ ಅರ್ಧ ಅಳಿಸಿತ್ತು, ಕೆಳಗಿನ ಮಡಿಕೆಯ ಗೆರೆಯೂ ಒಂದೇ. ಅದೇ ಕಾಗದ ಎನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ.

ಈ ಫೋಟೊದಿಂದ ಹಳೆಯ ಒಂದು ಪ್ರಯೋಗ ನೆನಪಾಯಿತು. ಲಗತ್ತಿಸಿದ ಕಡತಗಳ ಹ್ಯಾಶ್ ತೆಗೆದು ಹೋಲಿಸಿದರೆ ಇಷ್ಟೆಲ್ಲ ಬೇಡ ಎಂದುಕೊಂಡು ಒಂದು ವಾರ ಕಳೆದಿದ್ದೆ. ಅದೇ ಪಿಡಿಎಫ್ ಎರಡು ಸಲ ಸೇರಿದರೆ ಹಿಡಿಯುತ್ತದೆ. ಅದೇ ಕಾಗದದ ಸ್ಕ್ಯಾನ್ ಒಂದು, ಫೋಟೊ ಒಂದು ಆದರೆ ಹ್ಯಾಶ್‌ಗಳಿಗೆ ಸಂಬಂಧವೇ ಇರುವುದಿಲ್ಲ. ಮಾರಿದವರು ಸಲ್ಲಿಸಿದ ಬಿಲ್ಲುಗಳಿಂದ ಜಿಎಸ್‌ಟಿ ತಾಣದಲ್ಲಿ ತಯಾರಾಗುವ ಜಿಎಸ್‌ಟಿಆರ್-2ಬಿ ಪಟ್ಟಿಯ ಜೊತೆ ತಾಳೆ ಹಾಕುವುದನ್ನೂ ಮಾಡಿ ನೋಡಿದೆ. ಅದರಲ್ಲಿ ಬಿಲ್ಲು ಒಂದೇ ಸಲ ಬರುತ್ತದೆ, ನಮ್ಮ ಪುಸ್ತಕದಲ್ಲಿ ಎರಡು, ಹಾಗಾಗಿ ತಪ್ಪು ಸ್ಪಷ್ಟ. ಆದರೆ ಅದು ಸಿಗುವುದು ಮುಂದಿನ ತಿಂಗಳ 14ಕ್ಕೆ. ಅಷ್ಟರಲ್ಲಿ ಹಣ ಹೋಗಿ ಎರಡು ವಾರ ಆಗಿರುತ್ತದೆ.

ಎರಡು ಗಂಟೆಗೆ ಮ್ಯಾನೇಜರ್‌ಗೆ ಫೋನ್ ಮಾಡಿದೆ. ಪಟ್ಟಿಯಿಂದ ಒಂದು ಸಾಲನ್ನು ತಡೆಹಿಡಿಯುವ ಅಧಿಕಾರ ನನಗಿರಲಿಲ್ಲ. ‘ಸರ್, ತಡೆಯದಿದ್ದರೆ ಏಳೂವರೆಗೆ ಹೋಗುತ್ತದೆ’ ಎಂದೆ. ಎರಡೂ ಕಾಗದ ಕಳುಹಿಸು ಎಂದರು. ಹತ್ತು ನಿಮಿಷದ ನಂತರ ಅವರೇ ಮನೆಯಿಂದಲೇ ಸಾಫ್ಟ್‌ವೇರಿಗೆ ಲಾಗಿನ್ ಆಗಿ ತಡೆಹಿಡಿದರು. ತಿಂಗಳು ದಾಟಿದ್ದರೆ ಖರ್ಚು ಎರಡು ಸಲ ಬೀಳುತ್ತಿತ್ತು. 43,200ರ ತೆರಿಗೆಯನ್ನೂ ಎರಡು ಸಲ ಪಡೆದುಕೊಂಡಂತೆ ಆಗಿ, ಬಡ್ಡಿಸಮೇತ ಹಿಂದಕ್ಕೆ ಕಟ್ಟುವ ಪ್ರಸಂಗ ಬರಬಹುದಿತ್ತು.

ಸರಕಿನ ಬಿಲ್ಲಾಗಿದ್ದರೆ ಗೋದಾಮಿನ ಸ್ವೀಕೃತಿ ಚೀಟಿ ಕೇಳುತ್ತಿದ್ದರು, ಎರಡನೇ ಸಲ ಅದು ಸಿಗುತ್ತಿರಲಿಲ್ಲ. ರಿಪೇರಿ, ಬಾಡಿಗೆ, ಸಾಗಣೆಯ ಬಿಲ್ಲಿಗೆ ನಮ್ಮಲ್ಲಿ ಅಂಥ ಚೀಟಿ ಇಲ್ಲ, ಎಂಜಿನಿಯರ್ ಸಹಿಯೇ ಸಾಕು. ನಾನು ಇದುವರೆಗೆ ಹಿಡಿದ ಏಳೆಂಟರಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಈ ಜಾತಿಯವು. ಒಟ್ಟು ಒಂಬತ್ತು ಲಕ್ಷದ ಆಸುಪಾಸು ಉಳಿದಿದೆ. ಈಗ ವಾರಕ್ಕೆ ಹತ್ತು ಹನ್ನೆರಡು ಸಾಲು ಬರುತ್ತವೆ, ಮ್ಯಾನೇಜರ್ ಎಲ್ಲವನ್ನೂ ಓದುತ್ತಾರೆ. ಬಿಲ್ಲನ್ನು ಒಡೆದು ಎರಡು ಮೊತ್ತಗಳಾಗಿ ನಮೂದಿಸಿದರೆ ಮಾತ್ರ ನನ್ನ ವರದಿಗೆ ಇನ್ನೂ ಸಿಗುವುದಿಲ್ಲ.

ಬೆಳಿಗ್ಗೆ ಪಾಳಿ ಮುಗಿದರೂ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಗುತ್ತಿಗೆದಾರರು ಮೋಸ ಮಾಡಿದರೇ ಎಂಬ ಮಾತು ಕಚೇರಿಯಲ್ಲಿ ಆಗಲೇ ಶುರುವಾಗಿತ್ತು, ಅದು ನನಗೆ ಸರಿಬರಲಿಲ್ಲ. ಒಂಬತ್ತಕ್ಕೆ ನಮ್ಮ ಹಿರಿಯ ಅಕೌಂಟೆಂಟ್ ಗುತ್ತಿಗೆದಾರರಿಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಕುಳಿತಿದ್ದೆ. ‘ಯಜಮಾನರೇ, 12ನೇ ತಾರೀಕು ನಿಮಗೆ ಹಣ ಬಂದಿದೆಯಲ್ಲ?’ ಎಂದು ಕೇಳಿದರು. ‘ಬಂದಿದೆ ಸಾಹೇಬರೇ, ಆದರೆ 2,80,800 ಬಂದಿದೆ. ನನ್ನ ಬಿಲ್ಲು 2,83,200. ಅದು ಯಾವುದೋ ಹಳೆಯ ಬಾಕಿ ಎಂದುಕೊಂಡು ಈ ಬಿಲ್ಲಿನ ಫೋಟೊ ಮತ್ತೆ ಕಳುಹಿಸಿದೆ’ ಎಂದರು. ನನ್ನ ಮೊದಲ ವರದಿಯನ್ನು ದಾರಿ ತಪ್ಪಿಸುತ್ತಿದ್ದ ಅದೇ 2,400 ಅವರನ್ನೂ ದಾರಿ ತಪ್ಪಿಸಿತ್ತು. ಹಣ ಯಾವ ಬಿಲ್ಲಿನದು, ಟಿಡಿಎಸ್ ಎಷ್ಟು ಮುರಿದಿದ್ದೇವೆ ಎಂದು ನಾವು ಅವರಿಗೆ ಒಂದು ಸಾಲನ್ನೂ ಬರೆದಿರಲಿಲ್ಲ.

ಡಿಸೆಂಬರ್ ಮೊದಲ ವಾರದಿಂದ ಪಾವತಿ ಹೋದ ದಿನವೇ ಪ್ರತಿ ಪಾರ್ಟಿಗೂ ಬಿಲ್ ಸಂಖ್ಯೆ, ಒಟ್ಟು ಮೊತ್ತ, ಮುರಿದ ಟಿಡಿಎಸ್, ಕೈಗೆ ಬಂದ ಹಣ ಈ ನಾಲ್ಕನ್ನು ಬರೆದ ಮೇಲ್ ತಾನಾಗಿ ಹೋಗುವಂತೆ ಮಾಡಿದ್ದೇನೆ. ಅದರ ಪ್ರೋಗ್ರಾಂ ಮೂವತ್ತು ಸಾಲೂ ಇಲ್ಲ. ಆ ಗುತ್ತಿಗೆದಾರರ ಎರಡು ಕೋಡ್‌ಗಳಲ್ಲಿ ಹುಬ್ಬಳ್ಳಿಯದನ್ನು ಮುಚ್ಚಲಾಗಿದೆ.