‘ಓಟವಿಲ್ಲ’ ಎಂಬ ಷರಾ ಮತ್ತು ಗೆಳತಿಯ ಮೂರನೆಯ ಅಧ್ಯಾಯ: ನನ್ನ ಅನುಭವ

ನನ್ನ ಜೊತೆಗೇ ಇತಿಹಾಸದಲ್ಲಿ ಪಿಎಚ್.ಡಿ.ಗೆ ನೋಂದಾಯಿಸಿಕೊಂಡ ಗೆಳತಿಯೊಬ್ಬಳು ಬೆಂಗಳೂರಿನ ಕಳೆದುಹೋದ ಕೆರೆಗಳ ಬಗ್ಗೆ ಕನ್ನಡದಲ್ಲೇ ಮಹಾಪ್ರಬಂಧ ಬರೆಯುತ್ತಿದ್ದಾಳೆ. ಅದರ ಮೂರನೆಯ ಅಧ್ಯಾಯದ ಕರಡನ್ನು ಓದಿದ ಮಾರ್ಗದರ್ಶಕರು ಕೊನೆಯ ಪುಟದಲ್ಲಿ ‘ಬರವಣಿಗೆಗೆ ಓಟವಿಲ್ಲ, ಸರಿಪಡಿಸಿ’ ಎಂದಷ್ಟೇ ಬರೆದು ಮರಳಿಸಿದ್ದರು. ಅವಳು ಉದ್ದನೆಯ ವಾಕ್ಯಗಳನ್ನು ಒಡೆದಳು, ಪ್ಯಾರಾಗಳ ಆರಂಭಕ್ಕೆ ‘ಹೀಗಾಗಿ’, ‘ಇದರೊಂದಿಗೆ’, ‘ಅಲ್ಲದೆ’ ಎಂಬ ಮಾತುಗಳನ್ನು ಸೇರಿಸಿದಳು, ಅಷ್ಟಾದರೂ ಸಮಾಧಾನವಾಗದೆ ನನಗೆ ಓದಲು ಕೊಟ್ಟಳು. ಓಟವಿಲ್ಲವೆಂಬ ದೂರು ಹೆಚ್ಚಿನ ಸಲ ವಾಕ್ಯಗಳ ಮೇಲಿನ ದೂರಲ್ಲ. ಒಂದು ಪ್ಯಾರಾ ಮುಗಿದು ಇನ್ನೊಂದು ಶುರುವಾದಾಗ ಅದು ಇಲ್ಲಿ ಏಕೆ ಬಂತೆಂದು ತಿಳಿಯದೆ ಓದುಗ ಎಡವಿದಾಗ, ಆ ಎಡವುವಿಕೆಗೆ ಸಿಗುವ ಮೊದಲ ಹೆಸರು ‘ಓಟವಿಲ್ಲ’ ಎಂಬುದು.

ಕರಡನ್ನು ತೆಗೆದುಕೊಳ್ಳುವ ಮೊದಲು ಅವಳಲ್ಲಿ ಒಂದು ಕೆಲಸ ಕೇಳಿದೆ. ಈ ಅಧ್ಯಾಯ ಏನನ್ನು ಸಾಧಿಸಿ ತೋರಿಸುತ್ತದೆಂಬುದನ್ನು ಒಂದೆರಡು ವಾಕ್ಯದಲ್ಲಿ ಬರೆದು ನನಗೆ ತೋರಿಸದೆ ಇಟ್ಟುಕೊಳ್ಳಬೇಕು; ನಾನು ಓದಿ ಮುಗಿಸಿದ ಮೇಲೆ ನನಗೆ ತಿಳಿದದ್ದನ್ನು ಬರೆಯುತ್ತೇನೆ, ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ ಎಂದೆ. ಲೇಖಕಿಯ ಬಾಯಿಂದ ಮೊದಲೇ ವಾದವನ್ನು ಕೇಳಿಬಿಟ್ಟರೆ ಪುಟದ ಮೇಲೆ ಇಲ್ಲದ್ದನ್ನೂ ನಾವೇ ತುಂಬಿಕೊಂಡು ಓದುತ್ತೇವೆ. ಸಹಪಾಠಿಗಳ ಕರಡು ಓದುವವರಿಗೆ ಈ ಅಪಾಯ ಹೊರಗಿನ ಪರೀಕ್ಷಕರಿಗಿಂತ ಹೆಚ್ಚು, ಏಕೆಂದರೆ ಕ್ಯಾಂಟೀನಿನಲ್ಲಿ ಕೂತು ಅರ್ಧ ಪ್ರಬಂಧವನ್ನು ಈಗಾಗಲೇ ಕೇಳಿರುತ್ತೇವೆ.

ಮೊದಲ ಓದಿನಲ್ಲಿ ಏನನ್ನೂ ತಿದ್ದಲಿಲ್ಲ. ಮುದ್ರಿತ ಪ್ರತಿಯಲ್ಲಿ, ಹಿಂದಿನ ಪುಟಕ್ಕೆ ಮರಳಬೇಕಾಗಿ ಬಂದ ಕಡೆಗಳಲ್ಲಿ ಮಾತ್ರ ಅಂಚಿನಲ್ಲಿ ಒಂದು ಗೀಟು ಹಾಕುತ್ತಾ ಹೋದೆ. ಕೊನೆಗೆ ನಾನು ಬರೆದುಕೊಂಡ ವಾಕ್ಯ ಹೀಗಿತ್ತು: ‘ನಗರ ಬೆಳೆದಂತೆ ಹಲವು ಕಾರಣಗಳಿಂದ ಬೆಂಗಳೂರಿನ ಒಳಗಿನ ಕೆರೆಗಳು ಇಲ್ಲವಾದವು.’ ಅವಳು ಮಡಚಿಟ್ಟಿದ್ದ ಚೀಟಿಯಲ್ಲಿ ಇದ್ದದ್ದು ಬೇರೆ: ‘ಹೆಸರಘಟ್ಟದಿಂದ ಕೊಳವೆ ನೀರು ಬಂದ ಮೇಲೆ ಪೇಟೆಗೆ ತನ್ನ ಕೆರೆಗಳ ಅಗತ್ಯ ತಪ್ಪಿತು. ಅಗತ್ಯ ತಪ್ಪಿದ ಕೆರೆಯನ್ನು ನೀರೆಂದು ನೋಡದೆ ಜಾಗವೆಂದು ನೋಡುವುದು ಆಡಳಿತಕ್ಕೆ ಸುಲಭವಾಯಿತು.’ ಇದು ವಾದ. ನಾನು ಬರೆದದ್ದು ಬರೀ ವಿಷಯ. ಅವಳ ಆ ವಾಕ್ಯ 38 ಪುಟಗಳ ಅಧ್ಯಾಯದಲ್ಲಿ ಎಲ್ಲಿದೆಯೆಂದು ಹುಡುಕಿದರೆ 35ನೆಯ ಪುಟದಲ್ಲಿ, ಒಂದು ಪ್ಯಾರಾದ ನಡುವೆ, ‘ಎಂಬುದನ್ನೂ ಗಮನಿಸಬಹುದು’ ಎಂಬ ಸಂಕೋಚದ ಕ್ರಿಯಾಪದದೊಂದಿಗೆ ಸಿಕ್ಕಿತು.

ಎರಡನೆಯ ಓದಿಗೆ ಪ್ಯಾರಾಗಳಿಗೆಲ್ಲ ಸಂಖ್ಯೆ ಹಾಕಿ, ಉದ್ದನೆಯ ಹಾಳೆಯಲ್ಲಿ ಎರಡು ಅಂಕಣ ಮಾಡಿಕೊಂಡೆ. ಎಡಕ್ಕೆ ಆ ಪ್ಯಾರಾ ಏನು ಹೇಳುತ್ತದೆಂಬುದನ್ನು ಒಂದೇ ವಾಕ್ಯದಲ್ಲಿ ಬರೆದೆ, ಬಲಕ್ಕೆ ಅದು ಅಧ್ಯಾಯಕ್ಕಾಗಿ ಏನು ಮಾಡುತ್ತದೆಂಬುದನ್ನು: ವಾದ ಮಂಡಿಸುತ್ತದೆ, ಆಧಾರ ಕೊಡುತ್ತದೆ, ಹಿನ್ನೆಲೆ ಒದಗಿಸುತ್ತದೆ, ಆಕ್ಷೇಪಕ್ಕೆ ಉತ್ತರಿಸುತ್ತದೆ, ಹೀಗೆ. ಎಡಗಡೆಯದು ಸಲೀಸಾಗಿ ತುಂಬುತ್ತದೆ. ಬಲಗಡೆಯದು ಖಾಲಿ ಉಳಿಯುವ ಕಡೆ, ಅಥವಾ ಒಂದೇ ಮಾತು ಸಾಲಾಗಿ ಮರುಕಳಿಸುವ ಕಡೆ ತೊಂದರೆ ಇರುತ್ತದೆ. ಅವಳ ಅಧ್ಯಾಯದಲ್ಲಿ ಮೊದಲ 19 ಪ್ಯಾರಾಗಳ ಎದುರು ‘ಹಿನ್ನೆಲೆ’ ಎಂದೇ ಬಿತ್ತು. ನಗರದ ಭೂಗುಣ, ಕೆಂಪೇಗೌಡರ ಕಾಲದ ಕೆರೆಗಳು, ಧರ್ಮಾಂಬುಧಿ ಕೆರೆಗೂ ಸಂಪಂಗಿ ಕೆರೆಗೂ ನೀರು ಹರಿದು ಬರುತ್ತಿದ್ದ ಬಗೆ, ಎಲ್ಲವೂ ಕಾಲಾನುಕ್ರಮದಲ್ಲಿ ಬಂದಿದ್ದವು. ಪತ್ರಾಗಾರದಲ್ಲಿ ಕೂತು ಟಿಪ್ಪಣಿ ಮಾಡಿಕೊಳ್ಳುವವರ ಬರಹ ಸಹಜವಾಗಿ ಕಡತಗಳ ತಾರೀಖಿನ ಕ್ರಮವನ್ನೇ ಹಿಡಿಯುತ್ತದೆ. ಆ ಕ್ರಮ ಎಷ್ಟು ನೇರವಾಗಿ ಕಾಣುತ್ತದೆಂದರೆ ಅದರೊಳಗೆ ವಾದ ಇಲ್ಲವೆಂಬುದು ಬರೆದವರಿಗೆ ಹೊಳೆಯುವುದೇ ಇಲ್ಲ.

ಗೀಟುಗಳು ದಟ್ಟವಾಗಿ ಬಿದ್ದದ್ದು 26ರಿಂದ 32ನೆಯ ಪ್ಯಾರಾಗಳ ನಡುವೆ. ನನ್ನ ಟಿಪ್ಪಣಿಯ ಮುಕ್ಕಾಲು ಪಾಲು ಈ ತುಣುಕಿನ ಮೇಲೆಯೇ ಇತ್ತು. 26ನೆಯ ಪ್ಯಾರಾ 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳವೆಗಳಲ್ಲಿ ನಗರಕ್ಕೆ ಬಂದದ್ದನ್ನು ಹೇಳಿ ಮುಗಿಯುತ್ತದೆ. 27ನೆಯದು ಹೀಗೆ ಶುರುವಾಗುತ್ತದೆ: ‘ಹೀಗಾಗಿ 1898ರಲ್ಲಿ ಪ್ಲೇಗು ಕಾಣಿಸಿಕೊಂಡಾಗ ನಗರದ ನೈರ್ಮಲ್ಯದ ಪ್ರಶ್ನೆ ಮುನ್ನೆಲೆಗೆ ಬಂತು.’ ಪ್ಲೇಗು ಬಂದದ್ದಾಗಲಿ, ನೈರ್ಮಲ್ಯದ ಪ್ರಶ್ನೆ ಎದ್ದದ್ದಾಗಲಿ ಕೊಳವೆ ನೀರಿನಿಂದಲ್ಲ. ಮುಂದಿನ ಪ್ಯಾರಾಗಳು ಪ್ಲೇಗಿನ ಭಯ, ಪೇಟೆಯ ಇಕ್ಕಟ್ಟು, ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳ ಬೆಳವಣಿಗೆ ಇವುಗಳ ಕಡೆಗೆ ಹೋಗುತ್ತವೆ. ಬಳಿಕ 32ನೆಯದು, ‘ಇದರಿಂದ ಧರ್ಮಾಂಬುಧಿಯ ಕಡೆಗೆ ಗಮನ ಕಡಿಮೆಯಾಯಿತು’ ಎಂದು ಆರಂಭವಾಗುತ್ತದೆ. ಯಾವುದರಿಂದ? ಕೊಳವೆಯಿಂದಲೋ, ಪ್ಲೇಗಿನಿಂದಲೋ, ಬಡಾವಣೆಗಳಿಂದಲೋ?

ಇಲ್ಲಿ ‘ಸಂಪರ್ಕ ಸ್ಪಷ್ಟವಿಲ್ಲ’ ಎಂದು ಬರೆದುಬಿಡುವುದು ಸುಲಭವಿತ್ತು. ಅದನ್ನು ಓದಿದವರು ಇನ್ನೊಂದು ‘ಆದ್ದರಿಂದ’ವನ್ನು ಸೇರಿಸುತ್ತಾರೆ, ಅಷ್ಟೆ. ಹಾಗಾಗಿ ಪ್ಲೇಗು ಈ ಅಧ್ಯಾಯದಲ್ಲಿ ಯಾವ ಯಾವ ಕೆಲಸ ಮಾಡಬಲ್ಲದು, ಒಂದೊಂದನ್ನೂ ಒಪ್ಪಿಕೊಂಡರೆ ವಾದಕ್ಕೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಬರೆದೆ. ಅದು ಬರೀ ಕಾಲದ ಹಿನ್ನೆಲೆಯಾಗಿದ್ದರೆ ಐದು ಪ್ಯಾರಾ ಬೇಡ, ಎರಡು ವಾಕ್ಯ ಸಾಕು. ಕೆರೆ ಮುಚ್ಚಿಹೋಗಲು ಅದೇ ಒಂದು ಸ್ವತಂತ್ರ ಕಾರಣವಾಗಿದ್ದರೆ, ಕೊಳವೆ ನೀರೇ ಮುಖ್ಯವೆಂಬ ಅವಳ ವಾದಕ್ಕೆ ಅದು ಪ್ರತಿಸ್ಪರ್ಧಿ. ಆಗ ಎರಡನ್ನೂ ಎದುರುಬದುರು ನಿಲ್ಲಿಸಿ ಒಂದರ ಕಡೆ ತೂಗಿ ತೋರಿಸಬೇಕು. ಮೂರನೆಯದಾಗಿ, ಕೊಳವೆ ನೀರಿನಿಂದ ಶುರುವಾದ ಬದಲಾವಣೆಯ ಒಂದು ಹಂತವಾಗಿ ಅದು ಬಂದಿದ್ದರೆ, ಆ ಹಂತ ಯಾವುದೆಂದು ಹೇಳಬೇಕು. ಇವುಗಳಲ್ಲಿ ಯಾವುದು ಸರಿಯೆಂದು ನಾನು ಬರೆಯಲಿಲ್ಲ. ಕಡತಗಳನ್ನು ನೋಡಿದವಳು ಅವಳು. ಸಹಪಾಠಿಯ ಕರಡಿನ ಮೇಲೆ ನಮಗಿರುವ ಅಧಿಕಾರ ಓದುಗನದು. ಪುರಾವೆ ಏನು ಹೇಳುತ್ತದೆಂದು ತೀರ್ಪು ಕೊಡುವುದು ಅದರ ವ್ಯಾಪ್ತಿಗೆ ಬರುವುದಿಲ್ಲ.

ಇನ್ನೊಂದು ಸಂಗತಿ ಅಡಿಟಿಪ್ಪಣಿಯಲ್ಲಿ ಅಡಗಿ ಕೂತಿತ್ತು. ಧರ್ಮಾಂಬುಧಿ ಇದ್ದ ಜಾಗದಲ್ಲಿ ಇಂದು ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಿದೆ, ಸಂಪಂಗಿಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಆದರೆ ಹಲಸೂರು ಕೆರೆಯೂ 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯೂ ಕೊಳವೆ ನೀರು ಬಂದ ಮೇಲೂ ಉಳಿದುಕೊಂಡಿವೆ ಎಂದು ಅವಳೇ ಅಲ್ಲಿ ಒಂದು ಸಾಲು ಬರೆದಿದ್ದಳು. ಆ ಸಾಲು ಓದಿದ ಕೂಡಲೇ ಯಾರಿಗಾದರೂ ಬರುವ ಪ್ರಶ್ನೆ ಒಂದೇ: ನೀರಿನ ಅಗತ್ಯ ತಪ್ಪಿದ್ದೇ ಕಾರಣವಾದರೆ ಇವೆರಡು ಉಳಿದದ್ದು ಹೇಗೆ? ಈ ಪ್ರಶ್ನೆಯನ್ನು ಅಡಿಟಿಪ್ಪಣಿಯಲ್ಲಿ ಬಿಟ್ಟರೆ ಪರೀಕ್ಷಕರು ಅದನ್ನು ಮೌಖಿಕ ಪರೀಕ್ಷೆಯಲ್ಲಿ ಎತ್ತುತ್ತಾರೆ. ಅಧ್ಯಾಯದ ಒಳಗೇ ಎತ್ತಿಕೊಂಡರೆ ವಾದಕ್ಕೆ ಒಂದು ಷರತ್ತು ಸೇರಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ನನ್ನ ಬಲ ಅಂಕಣದಲ್ಲಿ ‘ಆಕ್ಷೇಪಕ್ಕೆ ಉತ್ತರ’ ಎಂಬ ಮಾತು ಒಂದೇ ಒಂದು ಕಡೆಯೂ ಬಂದಿರಲಿಲ್ಲವೆಂಬುದು ಆಗ ಕಣ್ಣಿಗೆ ಬಿತ್ತು.

ಇಷ್ಟನ್ನೂ ಒಂದೂವರೆ ಪುಟದ ಪತ್ರವಾಗಿ ಬರೆದೆ. ಅದರ ಜೊತೆಗೆ ಎರಡು ಅಂಕಣದ ಹಾಳೆಯನ್ನು ಹಾಗೆಯೇ ಕೊಟ್ಟೆ. ಅಂಚಿನ ಟಿಪ್ಪಣಿಗಳನ್ನು 26ರಿಂದ 32ರವರೆಗೆ ಮಾತ್ರ ಬರೆದು, ಉಳಿದ ಪುಟಗಳನ್ನು ಬೇಕೆಂದೇ ಖಾಲಿ ಬಿಟ್ಟೆ. ಕಾಗುಣಿತ, ಉಲ್ಲೇಖದ ಕ್ರಮ ಇವು ಯಾವುವನ್ನೂ ಮುಟ್ಟಲಿಲ್ಲ. ಹತ್ತು ಪ್ಯಾರಾ ಜಾಗ ಬದಲಿಸಲಿರುವ, ಐದು ಅಳಿಸಿಹೋಗಲಿರುವ ಕರಡಿನಲ್ಲಿ ಒತ್ತಕ್ಷರ ತಿದ್ದುವುದು ವ್ಯರ್ಥ ಶ್ರಮ. ಅಲ್ಲದೆ ಪುಟದ ತುಂಬ ಸಣ್ಣ ತಿದ್ದುಪಡಿ ಕಂಡವರು ಮೊದಲು ಅದನ್ನೇ ಮುಗಿಸಿ ಕರಡು ಸರಿಯಾಯಿತೆಂದುಕೊಳ್ಳುತ್ತಾರೆ. ಟಿಪ್ಪಣಿಯ ವಾಕ್ಯಗಳನ್ನೆಲ್ಲ ‘ಇಲ್ಲಿಗೆ ಬಂದಾಗ ನಾನು ಇಂಥದ್ದನ್ನು ನಿರೀಕ್ಷಿಸಿದೆ, ಸಿಕ್ಕಿದ್ದು ಇಂಥದ್ದು’ ಎಂಬ ಧಾಟಿಯಲ್ಲಿ ಇಟ್ಟೆ. ‘ಇದು ದುರ್ಬಲ’ ಎಂದರೆ ಅಲ್ಲವೆಂದು ವಾದಿಸಬಹುದು. ಓದುಗ ಎಲ್ಲಿ ನಿಂತುಬಿಟ್ಟನೆಂಬ ವರದಿಯನ್ನು ಅಲ್ಲಗಳೆಯಲು ಬರುವುದಿಲ್ಲ. ಚೆನ್ನಾಗಿರುವುದನ್ನೂ ಇದೇ ನಿಖರತೆಯಿಂದ ಗುರುತಿಸಿದೆ: 22ರಿಂದ 25ರವರೆಗೆ ಪ್ರತಿ ಪ್ಯಾರಾ ಹಿಂದಿನದರ ಕೊನೆಯ ಮಾತನ್ನು ಎತ್ತಿಕೊಂಡು ಹೊಸದೊಂದನ್ನು ಸೇರಿಸುತ್ತದೆ, ಉಳಿದ ಕಡೆಗೂ ಇದೇ ಮಾದರಿಯೆಂದು ಬರೆದೆ. ತನ್ನದೇ ಪುಟದಲ್ಲಿ ಮಾದರಿ ಇರುವಾಗ ಬೇರೆಯವರ ಬರಹವನ್ನು ತೋರಿಸುವ ಅಗತ್ಯವಿಲ್ಲ.

ಪತ್ರ ಕೊಟ್ಟ ಮೇಲೆ ಕೂತು ಮಾತಾಡಿದೆವು. ಪ್ಲೇಗಿನ ಪ್ರಶ್ನೆ ಕೇಳಿದಾಗ ಅವಳು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿ, ‘ಕೆರೆ ಬೇಡವಾದದ್ದು ಕೊಳವೆಯಿಂದ ಕಣೇ, ಆದರೆ ಮುಚ್ಚೋಕೆ ಕಡತದಲ್ಲಿ ಒಂದು ಕಾರಣ ಬರೀಬೇಕಲ್ಲ, ಅದನ್ನು ಕೊಟ್ಟದ್ದು ಪ್ಲೇಗಿನ ಭಯ’ ಎಂದಳು. ಅದನ್ನೇ ಬರೆ ಎಂದೆ. ಮೂರನೆಯ ಆಯ್ಕೆ ಅವಳದಾಯಿತು, ಹಾಗೆಯೇ ಅಧ್ಯಾಯದ ಅನುಕ್ರಮವೂ ತಾನಾಗಿ ಬದಲಾಯಿತು: ವಾದ ಮೊದಲ ಪುಟಕ್ಕೆ ಬಂತು, ಬಡಾವಣೆಗಳ ಎರಡು ಪ್ಯಾರಾ ಕಳಚಿದವು, ನೈರ್ಮಲ್ಯದ ಭಾಗ ಒಂದು ತುಣುಕಾಗಿ ಕೊಳವೆಗೂ ಕೆರೆಯ ಅಂತ್ಯಕ್ಕೂ ನಡುವಿನ ಕೊಂಡಿಯಾಯಿತು.

ಒಂದು ವಿಷಯದಲ್ಲಿ ಅವಳು ನನ್ನ ಮಾತು ಒಪ್ಪಲಿಲ್ಲ. ಸಂಪಂಗಿ ಕೆರೆಗೂ ಕರಗಕ್ಕೂ ಇರುವ ನಂಟಿನ ಬಗ್ಗೆ ಎರಡು ಪುಟ ಸೊಗಸಾಗಿ ಬರೆದಿದ್ದಳು. ಅದರ ಎದುರು ನನ್ನ ಬಲ ಅಂಕಣ ಖಾಲಿ ಇತ್ತು. ತೆಗೆಯಬಹುದೇನೋ ಎಂದದ್ದಕ್ಕೆ, ಕೆರೆ ಬೇಡವಾದದ್ದು ಆಡಳಿತಕ್ಕೆ ಮಾತ್ರ, ಎಲ್ಲರಿಗೂ ಅಲ್ಲ ಎಂಬುದಕ್ಕೆ ಅದೇ ಸಾಕ್ಷಿ ಎಂದಳು. ಹಾಗಿದ್ದರೆ ಆ ಮಾತೇ ಆ ಪುಟಗಳ ಮೊದಲ ವಾಕ್ಯವಾಗಬೇಕೆಂದು ಕೇಳಿಕೊಂಡೆ. ಪುಟಗಳು ಉಳಿದವು, ಸ್ಯಾಂಕಿ ಮತ್ತು ಹಲಸೂರಿನ ಪ್ರಶ್ನೆಯ ಪಕ್ಕಕ್ಕೆ ಹೋಗಿ ಕೂತವು.

ತಿದ್ದಿದ ಕರಡು ಬಂದಾಗ ಪೂರ್ತಿ ಓದುವ ಮೊದಲು ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನಷ್ಟೇ ಬೇರೆ ಕಡತಕ್ಕೆ ನಕಲು ಮಾಡಿ ಒಂದರ ಕೆಳಗೊಂದು ಓದಿದೆ. ವಾದದ ಜಾಡು ಆ ವಾಕ್ಯಗಳಲ್ಲೇ ಸುಮಾರಾಗಿ ಸಿಗಬೇಕು. ಎಲ್ಲ ಬಗೆಯ ಬರಹಕ್ಕೂ ಈ ಪರೀಕ್ಷೆ ಹೊಂದುವುದಿಲ್ಲ. ದೀರ್ಘ ನಿರೂಪಣೆಯ ಭಾಗಗಳಲ್ಲಿ ಮುಖ್ಯ ಮಾತು ಪ್ಯಾರಾದ ಕೊನೆಗೆ ಬರುವುದುಂಟು, ಅಲ್ಲಿ ಕೊನೆಯ ವಾಕ್ಯಗಳನ್ನು ನೋಡಬೇಕಾಗುತ್ತದೆ. ಈ ಸಲ ಸರಣಿ ಒಂದೇ ಒಂದು ಕಡೆ ಕಡಿದಿತ್ತು: ಸ್ಯಾಂಕಿ ಕೆರೆ ಉಳಿದದ್ದಕ್ಕೆ ಅವಳು ಕೊಟ್ಟ ಕಾರಣ ಹಲಸೂರಿಗೂ ಅನ್ವಯಿಸುತ್ತದೆಂದು ಹೇಳುವ ವಾಕ್ಯವಿತ್ತು, ಆಧಾರ ಕೊಡುವ ಪ್ಯಾರಾ ಇರಲಿಲ್ಲ. ಆ ಸಾಲಿನ ಎದುರು ಒಂದು ಗೀಟು ಹಾಕಿ, ‘ಇದಕ್ಕೆ ದಾಖಲೆ ಇದೆಯಾ?’ ಎಂದು ಬರೆದು ಕಳಿಸಿದೆ. ಅವಳು ಈಗ ಹಲಸೂರು ಸೇರಿದ್ದ ದಂಡು ಪ್ರದೇಶದ ಕಡತಗಳನ್ನು ನೋಡಲು ಪತ್ರಾಗಾರಕ್ಕೆ ಹೋಗುತ್ತಿದ್ದಾಳೆ.