ಕಾರು ಬಿಟ್ಟು ರಸ್ತೆಯ ಲೆಕ್ಕ ಹಿಡಿದೆ: ನನ್ನ ಆಟದ ಟ್ರಾಫಿಕ್ ಸರಿಯಾದ ಬಗೆ

ನನ್ನ ಊರು ಕಟ್ಟುವ ಆಟದಲ್ಲಿ ಈಗ ಹೆಚ್ಚುಕಡಿಮೆ ಮೂರು ಲಕ್ಷ ಜನರಿದ್ದಾರೆ. ಎಸ್.ಪಿ. ರೋಡಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ನಲ್ಲೂ ಅದು ಸೆಕೆಂಡಿಗೆ 50 ಫ್ರೇಮ್‌ಗೆ ಹತ್ತಿರ ಓಡುತ್ತದೆ. ಕೋರಮಂಗಲದಲ್ಲಿ ಆಟ ಬರೆಯುವವರೆಲ್ಲ ಸೇರಿದಾಗ, ಒಂದೊಂದು ಕಾರಿನ ಬದಲು ಪ್ರತಿ ರಸ್ತೆಯಲ್ಲಿ ಎಷ್ಟು ಗಾಡಿ ಎಂಬ ಲೆಕ್ಕ ಮಾತ್ರ ಇಡುವ ಈ ದಾರಿ ಬೇಡ ಎಂದವರೇ ಜಾಸ್ತಿ. "ಒಂದೊಂದು ಕಾರೂ ತನ್ನ ದಾರಿ ತಾನೇ ಹುಡುಕಬೇಕು ಗುರು, ಇಲ್ಲದಿದ್ರೆ ಅದು ಟ್ರಾಫಿಕ್ಕೇ ಅಲ್ಲ" ಎಂದಿದ್ದರು.

ಮೊದಲು ಹಾಗೇ ಮಾಡಿದ್ದೆ. ಪ್ರತಿ ಕಾರಿಗೂ ದಾರಿ ಹುಡುಕುವ ಎ-ಸ್ಟಾರ್ ಲೆಕ್ಕ. ಇಪ್ಪತ್ತು ಸಾವಿರ ಕಾರು ದಾಟಿದ ಮೇಲೆ ಆಟ ತೆವಳತೊಡಗಿತು. ಅದನ್ನು ಹಲವು ಥ್ರೆಡ್‌ಗಳಿಗೆ ಹಂಚಲು ಒಬ್ಬರಿಗೆ ಸುಮಾರು 60 ಸಾವಿರ ರೂಪಾಯಿ ಕೊಟ್ಟೆ. ವೇಗ ಒಂದೂವರೆ ಪಟ್ಟಾಯಿತು, ಅಷ್ಟೇ. ಆದರೆ ವೇಗಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಕಾರು ಹೊರಡುವಾಗ ದೂರ ಮತ್ತು ವೇಗಮಿತಿ ನೋಡಿ ದಾರಿ ಆರಿಸುತ್ತದೆ, ಆಮೇಲೆ ಬದಲಿಸುವುದಿಲ್ಲ. ಹಾಗಾಗಿ ಎಲ್ಲವೂ ಒಂದೇ ರಸ್ತೆಗೆ ನುಗ್ಗುತ್ತವೆ, ಪಕ್ಕದ ರಸ್ತೆ ಖಾಲಿ ಬಿದ್ದಿರುತ್ತದೆ. 2015ರ ಸಿಟೀಸ್: ಸ್ಕೈಲೈನ್ಸ್ ಆಡಿದವರಿಗೆ ಈ ನೋಟ ಚೆನ್ನಾಗಿ ಗೊತ್ತು.

ನನಗೆ ಧೈರ್ಯ ಕೊಟ್ಟದ್ದು 1989ರ ಸಿಮ್‌ಸಿಟಿ. ಅದರ ಕೋಡ್ 2008ರಲ್ಲಿ ಮೈಕ್ರೊಪೊಲಿಸ್ ಹೆಸರಿನಲ್ಲಿ ಹೊರಬಂತು. ಓದಿ ನೋಡಿ, ಅಲ್ಲಿ ಕಾರುಗಳೇ ಇಲ್ಲ. ಮನೆ, ಅಂಗಡಿ, ಕಾರ್ಖಾನೆಯಂಥ ಒಂದು ವಲಯದಿಂದ ಹೊರಟ ಪ್ರಯಾಣ ರಸ್ತೆಯ ಮೇಲೆ ಮೂವತ್ತು ಚೌಕದಷ್ಟು ಅಡ್ಡಾದಿಡ್ಡಿ ಅಲೆದು, ತಲುಪಬೇಕಾದ ವಲಯ ಸಿಕ್ಕರೆ ಆ ರಸ್ತೆಯ ಸಾಂದ್ರತೆ ಏರಿಸುತ್ತದೆ. ತೆರೆಯ ಮೇಲೆ ಓಡುವ ಕಾರುಗಳು ಆ ಸಾಂದ್ರತೆಯ ಚಿತ್ರ ಮಾತ್ರ. ಅಲೆದಾಟದ ಬದಲು ನಿಜವಾದ ಪ್ರಯಾಣದ ಸಮಯ ಹಾಕಿದರೆ ಸಾಕು ಅನ್ನಿಸಿತು. ಅದಕ್ಕೆ, ಗಾಡಿ ಹೆಚ್ಚಿದಂತೆ ಪ್ರಯಾಣದ ಸಮಯ ಎಷ್ಟು ಏರುತ್ತದೆ ಎಂದು ಹೇಳುವ, ಟ್ರಾಫಿಕ್ ಎಂಜಿನಿಯರುಗಳ ಹಳೆಯ ಬಿಪಿಆರ್ ಸೂತ್ರ ತಂದೆ:

```
t = t0 * (1 + 0.15 * (v/c)^4)
```

t ಅಂದರೆ ಪ್ರಯಾಣದ ಸಮಯ, t0 ಖಾಲಿ ರಸ್ತೆಯ ಸಮಯ, v ಗಾಡಿಗಳು, c ರಸ್ತೆಯ ಸಾಮರ್ಥ್ಯ.

ಮೊದಲ ಓಟದಲ್ಲೇ ಊರು ಉಯ್ಯಾಲೆ ಆಡಿತು. ನನ್ನ ಪರೀಕ್ಷೆಯ ಊರಲ್ಲಿ ಮನೆಗಳಿಂದ ಟೆಕ್ ಪಾರ್ಕಿಗೆ ಎರಡು ದಾರಿ: ಒಂದು 10 ನಿಮಿಷದ್ದು, ಇನ್ನೊಂದು 15 ನಿಮಿಷದ್ದು. ಎರಡರ ಸಾಮರ್ಥ್ಯವೂ ಸಾವಿರ, ಹೊರಟವರು ಎರಡು ಸಾವಿರ. ಎಲ್ಲರೂ ಮೊದಲನೆಯದಕ್ಕೆ ಹೋದರೆ ಅದು 34 ನಿಮಿಷ ಆಗುತ್ತದೆ. ಮುಂದಿನ ಸುತ್ತಿನಲ್ಲಿ ಎಲ್ಲರೂ ಎರಡನೆಯದಕ್ಕೆ ಹಾರುತ್ತಾರೆ, ಅದು 51 ಆಗುತ್ತದೆ. ಮತ್ತೆ ವಾಪಸ್. ನಕ್ಷೆಯಲ್ಲಿ ಎರಡು ರಸ್ತೆ ಸರದಿ ಮೇಲೆ ಕೆಂಪಾಗುತ್ತಿದ್ದರೆ ಕಾಯಿಲೆ ಇದೇ ಎಂದು ತಿಳಿಯಿರಿ.

ಮದ್ದು ಏನೆಂದರೆ, ಪ್ರತಿ ಸುತ್ತಿನಲ್ಲಿ ಸ್ವಲ್ಪ ಜನರನ್ನು ಮಾತ್ರ ಬದಲಿಸಬೇಕು. ಎರಡನೇ ಸುತ್ತಿನಲ್ಲಿ ಅರ್ಧ, ಮೂರರಲ್ಲಿ ಮೂರನೇ ಒಂದು, ನಾಲ್ಕರಲ್ಲಿ ಕಾಲು, ಹೀಗೆ. ಮೂರನೇ ಸುತ್ತಿಗೇ ಮೊದಲ ರಸ್ತೆಯಲ್ಲಿ 1,333 ಗಾಡಿ ಬಂದವು. ಕೊನೆಗೆ 1,380ರ ಆಸುಪಾಸಿನಲ್ಲಿ ನಿಂತಿತು. ಆಗ ಎರಡೂ ದಾರಿ ಹದಿನೈದೂವರೆ ನಿಮಿಷದ ಹತ್ತಿರ. ಯಾರಿಗೂ ದಾರಿ ಬದಲಿಸಿ ಲಾಭವಿಲ್ಲ.

ಆದರೆ ಇದರಲ್ಲೂ ಒಂದು ತೊಡಕು. ನೂರು ಸುತ್ತು ಕಳೆದ ಮೇಲೆ ನೂರರಲ್ಲಿ ಒಬ್ಬರು ಮಾತ್ರ ಬದಲಾಗುತ್ತಾರೆ. ಆಟಗಾರ ಹೊಸ ಫ್ಲೈಓವರ್ ಕಟ್ಟಿದರೆ ಅದರ ಮೇಲೆ ಗಾಡಿಯೇ ಹತ್ತುವುದಿಲ್ಲ! ರಸ್ತೆ ಬದಲಾದಾಗ ಸುತ್ತಿನ ಎಣಿಕೆಯನ್ನು ಹಿಂದಕ್ಕೆ ತರಬೇಕು. ಇಡೀ ಊರಿಗೆ ತಂದರೆ ಮತ್ತೆ ಉಯ್ಯಾಲೆ. ಎಷ್ಟು ದೂರದವರೆಗೆ ತರಬೇಕು ಅನ್ನುವುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಆಟ ಮಾರಾಟಕ್ಕೆ ಬರಲಿ.

ವಲಯದ ಬೇಡಿಕೆಗೂ ಜನರ ಖುಷಿಗೂ ಇದೇ ಪ್ರಯಾಣದ ಸಮಯ ಜೋಡಿಸಿದೆ. ಅರ್ಧ ಗಂಟೆವರೆಗೆ ಖುಷಿ ಇಳಿಯುವುದಿಲ್ಲ, ಒಂದು ಗಂಟೆ ಆದರೆ ಮನೆ ಖಾಲಿ ಮಾಡುವ ಯೋಚನೆ. ಇಲ್ಲೂ ಅದೇ ತೂಗಾಟ ಬಂತು. ಜಾಮ್ ಆಗಿ ಜನ ಬಿಟ್ಟು ಹೋದರೆ ರಸ್ತೆ ಖಾಲಿ, ಖಾಲಿಯಾದರೆ ಬೇಡಿಕೆ ಏರಿ ಮತ್ತೆ ಎಲ್ಲರೂ ಒಟ್ಟಿಗೆ ಬರುತ್ತಾರೆ. ಆ ದಿನದ ಸಮಯ ಬಿಟ್ಟು ಆಟದ ಆರು ತಿಂಗಳ ಸರಾಸರಿಯಿಂದ ಖುಷಿ ಲೆಕ್ಕ ಹಾಕಿದೆ. ಬೇಡಿಕೆಗೆ ಇನ್ನೂ ನಿಧಾನದ ಸರಾಸರಿ. ಎರಡಕ್ಕೂ ಒಂದೇ ವೇಗ ಕೊಟ್ಟರೆ ತೂಗಾಟ ನಿಲ್ಲುವುದಿಲ್ಲ.

ಮಧ್ಯೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ದ್ವಿಚಕ್ರ ವಾಹನವನ್ನು ಅರ್ಧ ಕಾರು ಎಂದು ಎಣಿಸಿದೆ. ಪೂರ್ತಿ ಕಾರು ಎಂದು ಎಣಿಸುತ್ತಿದ್ದಾಗ ಸದಾ ಉಸಿರುಗಟ್ಟಿದ್ದ ನನ್ನ ಸಿಲ್ಕ್ ಬೋರ್ಡ್ ಜಂಕ್ಷನ್ನು ಅಷ್ಟರಿಂದಲೇ ಉಸಿರಾಡತೊಡಗಿತು. ನಮ್ಮ ಊರಿನಂಥ ಊರು ಕಟ್ಟುವವರು ಇದನ್ನು ಬಿಡಬೇಡಿ.

"ಕಾರಿನ ಮೇಲೆ ಕ್ಲಿಕ್ ಮಾಡಿದ್ರೆ ಏನು ತೋರಿಸ್ತೀಯಾ?" ಎಂದೂ ಕೋರಮಂಗಲದಲ್ಲಿ ಕೇಳಿದ್ದರು. ಆ ರಸ್ತೆಯ ಗಾಡಿಗಳ ಪಾಲಿನಿಂದ ಒಂದು ಮನೆ, ಒಂದು ಕೆಲಸದ ಜಾಗ ಆರಿಸಿ ಅದರ ದಾರಿ ಬಿಡಿಸುತ್ತೇನೆ. ಅದು ಕ್ಲಿಕ್ ಮಾಡಿದಾಗಷ್ಟೇ ಆರಿಸಿದ ದಾರಿ ಎಂದು ಆಡಿ ನೋಡಿದವರಲ್ಲಿ ಯಾರೂ ಗುರುತು ಹಿಡಿದಿಲ್ಲ. ಸೂತ್ರಕ್ಕೆ ದಕ್ಕದಿರುವುದು ಒಂದೇ. ಸಿಗ್ನಲ್‌ನಲ್ಲಿ ನಿಂತ ಸಾಲು ಹಿಂದಿನ ಜಂಕ್ಷನ್‌ವರೆಗೆ ಬೆಳೆದು ಅದನ್ನೂ ಕಟ್ಟಿಹಾಕುವುದು ಇದರಲ್ಲಿ ಬರುವುದಿಲ್ಲ. ಗಾಡಿಗಳು ಸಾಮರ್ಥ್ಯ ಮೀರಿದರೆ ಹಿಂದಿನ ರಸ್ತೆಯ ಸಾಮರ್ಥ್ಯವನ್ನೂ ಕಡಿಮೆ ಮಾಡುತ್ತಿದ್ದೇನೆ. ಚಿಕ್ಕ ಊರಲ್ಲಿ ಅದು ನಡೆಯುತ್ತಿದೆ, ಮೂರು ಲಕ್ಷದ ಊರಲ್ಲಿ ಈಗ ಓಡಿಸಿ ನೋಡುತ್ತಿದ್ದೇನೆ.